ಉದ್ಯೋಗ ವಿವರಣೆಯ ಪುನರ್‌ರಚನೆ: ಹೊಣೆ, ಅರ್ಹತೆ ಮತ್ತು ಸೌಲಭ್ಯ

ಸಣ್ಣ ಉದ್ದಿಮೆಯೊಂದರಲ್ಲಿ ಲೆಕ್ಕಪತ್ರ ಸಹಾಯಕರು ಕೆಲಸ ಬಿಟ್ಟುಹೋದರೆ ಮಾಲೀಕರು ಮೊದಲು ಮಾಡುವ ಕೆಲಸ ಹಳೆಯ ಜಾಹೀರಾತೊಂದನ್ನು ಹುಡುಕುವುದು. ದಿನಪತ್ರಿಕೆಯಲ್ಲಿ ಬಂದದ್ದು, ಮಿತ್ರರು ವಾಟ್ಸ್‌ಆ್ಯಪಿನಲ್ಲಿ ಕಳುಹಿಸಿದ್ದು, ದೊಡ್ಡ ಕಂಪನಿಯೊಂದು ಪ್ರಕಟಿಸಿದ್ದು, ಹೀಗೆ ಎಲ್ಲಿಂದಲೋ ದೊರೆತ ಪಠ್ಯವನ್ನು ನಕಲಿಸಿ, ಅಂಟಿಸಿ, ಸಂಸ್ಥೆಯ ಹೆಸರು ಮತ್ತು ದೂರವಾಣಿ ಸಂಖ್ಯೆ ಬದಲಿಸಿ ಹೊರಡಿಸಲಾಗುತ್ತದೆ. ಅರ್ಜಿಗಳು ಬರುತ್ತವೆ, ಒಬ್ಬರ ಆಯ್ಕೆಯೂ ಆಗುತ್ತದೆ. ಎರಡು ಮೂರು ತಿಂಗಳ ನಂತರ ‘ಈ ಕೆಲಸ ನನ್ನದೆಂದು ಯಾರೂ ಹೇಳಿರಲಿಲ್ಲ’ ಎಂದು ನೌಕರರೂ, ‘ಜಾಹೀರಾತಿನಲ್ಲಿಯೇ ಇತ್ತಲ್ಲ’ ಎಂದು ಮಾಲೀಕರೂ ವಾದಿಸುವ ಸಂದರ್ಭ ಒದಗುತ್ತದೆ. ಜಾಹೀರಾತನ್ನು ತೆಗೆದು ನೋಡಿದರೆ ಅದು ಇಬ್ಬರ ವಾದಕ್ಕೂ ಸಮವಾಗಿ ಒದಗುವಂತಿರುತ್ತದೆ.

ಅಂಟಿಸಿದ ಪಠ್ಯವನ್ನು ಹೊಣೆಗಾರಿಕೆ, ಅಗತ್ಯ ಅರ್ಹತೆ, ಸೌಲಭ್ಯ ಎಂಬ ಮೂರು ಭಾಗಗಳಾಗಿ ಒಡೆದು, ಪ್ರತಿ ಭಾಗದ ಸಾಲುಗಳನ್ನು ಒಂದೇ ವಾಕ್ಯರೂಪಕ್ಕೆ ತರುವ ಕ್ರಮವನ್ನು ಒಂದು ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗಿದೆ. ಉದಾಹರಣೆಯ ಘಟಕವು ವಿವರಣೆಗಾಗಿ ಕಲ್ಪಿಸಿಕೊಂಡದ್ದು: ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ವಾಲ್ವ್ ಬಿಡಿಭಾಗಗಳನ್ನು ತಯಾರಿಸುವ, 28 ಮಂದಿ ದುಡಿಯುವ ಒಂದು ಸಂಸ್ಥೆ. ಜಿ.ಎಸ್.ಟಿ. ವಿವರಪತ್ರಗಳನ್ನು ಪ್ರತಿ ತಿಂಗಳೂ ಸಲ್ಲಿಸುವ ಈ ಸಂಸ್ಥೆಗೆ ಹೊರಗಿನ ತೆರಿಗೆ ಸಲಹೆಗಾರರೊಬ್ಬರು ಇದ್ದಾರೆ. ಮಾಲೀಕರು ಅಂಟಿಸಿಕೊಂಡ ಪಠ್ಯ ಹೀಗಿದೆ:

‘ಪ್ರತಿಷ್ಠಿತ ಸಂಸ್ಥೆಗೆ ಲೆಕ್ಕಪತ್ರ ಸಹಾಯಕರು ಬೇಕಾಗಿದ್ದಾರೆ. ಬಿ.ಕಾಂ. ಪದವೀಧರರಾಗಿದ್ದು ಟ್ಯಾಲಿ ಚೆನ್ನಾಗಿ ಬಲ್ಲವರಾಗಿ ಜಿ.ಎಸ್.ಟಿ. ಹಾಗೂ ಟಿ.ಡಿ.ಎಸ್. ನೋಡಿಕೊಳ್ಳಬೇಕು. ಪಿ.ಎಫ್., ಇ.ಎಸ್.ಐ. ಇರುತ್ತದೆ. ದಿನನಿತ್ಯದ ವೌಚರ್ ನಮೂದು, ಬ್ಯಾಂಕ್ ಲೆಕ್ಕ ತಾಳೆ ನೋಡುವುದು, ಬಾಕಿ ವಸೂಲಿ ಮಾಡತಕ್ಕದ್ದು. ಇ-ವೇ ಬಿಲ್. 5 ವರ್ಷ ಅನುಭವ. ಎಸ್.ಎ.ಪಿ. ತಿಳಿದವರಿಗೆ ಆದ್ಯತೆ. ದ್ವಿಚಕ್ರ ವಾಹನ ಇರಬೇಕು, ಪೆಟ್ರೋಲ್ ಖರ್ಚು ಕೊಡಲಾಗುವುದು. ಆಕರ್ಷಕ ಸಂಬಳ, ಬೋನಸ್ಸು, ಊಟ. ಪುರುಷರು ಮಾತ್ರ. ಒತ್ತಡದಲ್ಲಿ ದುಡಿಯಬಲ್ಲ ಪ್ರಾಮಾಣಿಕರಾಗಿರಬೇಕು. ಮಾಲೀಕರು ಹೇಳುವ ಇತರೆ ಕೆಲಸಗಳು.’

ಒಂದು ಸಾಲಿಗೆ ಒಂದೇ ಸಂಗತಿ

ವಿಂಗಡಣೆಗೆ ಮುನ್ನ ಪಠ್ಯವನ್ನು ಶುಚಿಗೊಳಿಸಬೇಕು. ಬೇರೆ ಕಡತದಿಂದ ಬಂದ ಪಠ್ಯವು ತನ್ನೊಡನೆ ಅಕ್ಷರದ ಗಾತ್ರ, ಪಟ್ಟಿಯ ಚಿಹ್ನೆ, ಅಡ್ಡಾದಿಡ್ಡಿ ಸಾಲುಗಳನ್ನೂ ಹೊತ್ತು ತರುತ್ತದೆ. ಅದನ್ನು ಮೊದಲು ನೋಟ್‌ಪ್ಯಾಡಿನಲ್ಲಿ ಅಂಟಿಸಿ, ಅಲ್ಲಿಂದ ಮತ್ತೆ ನಕಲಿಸಿ ವರ್ಡ್ ಕಡತಕ್ಕೆ ತಂದರೆ ಬರಿಯ ಅಕ್ಷರಗಳಷ್ಟೇ ಉಳಿಯುತ್ತವೆ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬೆರಳಚ್ಚಾದ ಪಠ್ಯವಾದರೆ ಇದು ಸಾಲದು. ಅದು ನೋಟ್‌ಪ್ಯಾಡಿನಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ, ಅರ್ಜಿದಾರರ ಮೊಬೈಲಿನಲ್ಲಿಯೂ ಹಾಗೆಯೇ ಕಾಣುತ್ತದೆ. ಅಂತಹ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿದ ನಂತರವೇ ಮುಂದಿನ ಕೆಲಸ.

ಇನ್ನು ಒಡೆಯುವ ಕೆಲಸ. ಕನ್ನಡ ವಾಕ್ಯವು ‘ಆಗಿದ್ದು’, ‘ಆಗಿ’, ‘ಮಾಡಿ’ ಎಂಬ ಕೊಂಡಿಗಳ ಮೂಲಕ ಹಲವು ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲದು. ಪತ್ರವ್ಯವಹಾರದಲ್ಲಿ ಇದು ಸೊಗಸು, ಉದ್ಯೋಗ ವಿವರಣೆಯಲ್ಲಿ ತೊಡಕು. ಮೇಲಿನ ಪಠ್ಯದ ಎರಡನೆಯ ವಾಕ್ಯವನ್ನೇ ನೋಡಬಹುದು. ‘ಪದವೀಧರರಾಗಿದ್ದು’ ಎಂಬಲ್ಲಿ ವಿದ್ಯಾರ್ಹತೆ ಇದೆ, ‘ಬಲ್ಲವರಾಗಿ’ ಎಂಬಲ್ಲಿ ಕೌಶಲ ಇದೆ, ‘ನೋಡಿಕೊಳ್ಳಬೇಕು’ ಎಂಬಲ್ಲಿ ಎರಡು ಬೇರೆ ಬೇರೆ ಹೊಣೆಗಳಿವೆ. ಕೊಂಡಿ ಬಂದಲ್ಲೆಲ್ಲ ವಾಕ್ಯವನ್ನು ಮುರಿದು ಹೊಸ ಸಾಲಿಗೆ ಹೋಗಬೇಕು. ಹೀಗೆ ಮುರಿದರೆ ಈ ಚಿಕ್ಕ ಜಾಹೀರಾತು ಇಪ್ಪತ್ತಕ್ಕೂ ಹೆಚ್ಚು ತುಣುಕುಗಳಾಗುತ್ತದೆ. ತುಣುಕುಗಳ ಭಾಷೆಯನ್ನು ಈ ಹಂತದಲ್ಲಿ ತಿದ್ದುವ ಗೋಜಿಗೆ ಹೋಗಬಾರದು. ಯಾವ ಭಾಗಕ್ಕೆ ಸೇರಿದ್ದೆಂದು ತಿಳಿಯದೆ ತಿದ್ದಿದ ಸಾಲನ್ನು ಮತ್ತೊಮ್ಮೆ ತಿದ್ದಬೇಕಾಗುತ್ತದೆ.

ಮೂರು ಪ್ರಶ್ನೆಗಳು

ಪ್ರತಿ ತುಣುಕಿಗೂ ಮೂರು ಪ್ರಶ್ನೆಗಳನ್ನು ಹಾಕಿ ನೋಡಬೇಕು. ನೌಕರರು ಏನು ಮಾಡಬೇಕು? ಅದಕ್ಕೆ ಅವರಲ್ಲಿ ಏನಿರಬೇಕು? ಅವರಿಗೆ ಏನು ದೊರೆಯುತ್ತದೆ? ಮೊದಲನೆಯದಕ್ಕೆ ಉತ್ತರವಾದ ತುಣುಕು ಹೊಣೆಗಾರಿಕೆ, ಎರಡನೆಯದಕ್ಕೆ ಉತ್ತರವಾದದ್ದು ಅರ್ಹತೆ, ಮೂರನೆಯದಕ್ಕೆ ಉತ್ತರವಾದದ್ದು ಸೌಲಭ್ಯ. ಹೆಚ್ಚಿನವು ತಾವಾಗಿಯೇ ತಮ್ಮ ಸ್ಥಾನಕ್ಕೆ ಹೋಗಿ ಕೂರುತ್ತವೆ. ಗಮನ ಬೇಕಾದದ್ದು ಎರಡು ಪ್ರಶ್ನೆಗಳಿಗೆ ಉತ್ತರವಾಗುವ ತುಣುಕುಗಳಿಗೆ.

‘ಪಿ.ಎಫ್., ಇ.ಎಸ್.ಐ. ಇರುತ್ತದೆ’ ಎಂಬ ಸಾಲು ಇದಕ್ಕೆ ಒಳ್ಳೆಯ ನಿದರ್ಶನ. ನೌಕರರಿಗೆ ಭವಿಷ್ಯ ನಿಧಿ ಮತ್ತು ವೈದ್ಯಕೀಯ ವಿಮೆಯ ಸೌಲಭ್ಯವಿದೆ ಎಂದು ಅರ್ಜಿದಾರರು ಓದಿಕೊಳ್ಳುತ್ತಾರೆ. ಆದರೆ ಆ ಸಾಲು ಬಂದಿರುವುದು ಜಿ.ಎಸ್.ಟಿ. ಮತ್ತು ಟಿ.ಡಿ.ಎಸ್. ಕೆಲಸದ ಬೆನ್ನಿಗೆ. ಆದ್ದರಿಂದ ಕಾರ್ಖಾನೆಯ ಎಲ್ಲ ಕೆಲಸಗಾರರ ಪಿ.ಎಫ್. ಮತ್ತು ಇ.ಎಸ್.ಐ. ಚಲನ್‌ಗಳನ್ನು ಸಿದ್ಧಪಡಿಸುವ ಕೆಲಸವಿದೆ ಎಂದೂ ಓದಿಕೊಳ್ಳಬಹುದು. ಮಾಲೀಕರ ಉದ್ದೇಶ ಎರಡೂ ಆಗಿದ್ದರೆ ಅದು ಎರಡು ಭಾಗಗಳಲ್ಲಿ, ಎರಡು ಬೇರೆ ಸಾಲುಗಳಾಗಿ ಬರಬೇಕು. ದ್ವಿಚಕ್ರ ವಾಹನದ ಸಾಲೂ ಹೀಗೆಯೇ ಒಡೆಯುತ್ತದೆ. ವಾಹನ ಇರಬೇಕೆಂಬುದು ಅರ್ಹತೆ, ಪೆಟ್ರೋಲ್ ಖರ್ಚು ಸೌಲಭ್ಯ. ವಾಹನ ಯಾತಕ್ಕಾಗಿ ಬೇಕು ಎಂಬ ಹೊಣೆಗಾರಿಕೆಯ ಸಾಲೇ ಪಠ್ಯದಲ್ಲಿಲ್ಲ. ಮಾಲೀಕರನ್ನು ವಿಚಾರಿಸಿದರೆ, ಹುಬ್ಬಳ್ಳಿ ಮತ್ತು ಧಾರವಾಡದ ಗ್ರಾಹಕರ ಅಂಗಡಿಗಳಿಗೆ ವಾರದಲ್ಲಿ ಎರಡು ದಿನ ಹೋಗಿ ಬಾಕಿ ಹಣ ತರಬೇಕು ಎಂಬ ಸಂಗತಿ ಹೊರಬರುತ್ತದೆ. ವಾರದ ಆರು ಕೆಲಸದ ದಿನಗಳಲ್ಲಿ ಎರಡು ದಿನ ಎಂದರೆ ಹುದ್ದೆಯ ಮೂರನೆಯ ಒಂದು ಪಾಲು. ಅಷ್ಟು ದೊಡ್ಡ ಭಾಗವು ಮೂಲ ಪಠ್ಯದಲ್ಲಿ ‘ಬಾಕಿ ವಸೂಲಿ’ ಎಂಬ ಎರಡು ಪದಗಳಲ್ಲಿ ಅಡಗಿತ್ತು.

ಮೂರರಲ್ಲಿ ಯಾವ ಪ್ರಶ್ನೆಗೂ ಉತ್ತರವಾಗದ ತುಣುಕುಗಳೂ ಇರುತ್ತವೆ. ಕೆಲಸದ ಸ್ಥಳ, ವೇಳೆ, ಅರ್ಜಿ ಕಳುಹಿಸುವ ವಿಳಾಸ ಇವು ಮೂರು ಭಾಗಗಳ ಹೊರಗೆ, ಶೀರ್ಷಿಕೆಯ ಕೆಳಗೆ ಒಂದೆರಡು ಸಾಲುಗಳಲ್ಲಿ ಬಂದರೆ ಸಾಕು. ‘ಪ್ರತಿಷ್ಠಿತ’, ‘ಆಕರ್ಷಕ’ ಎಂಬ ವಿಶೇಷಣಗಳನ್ನು ಬಿಡಬಹುದು. ‘ಪ್ರಾಮಾಣಿಕರಾಗಿರಬೇಕು’ ಎಂಬ ಸಾಲೂ ಅಷ್ಟೇ. ಅಪ್ರಾಮಾಣಿಕರು ಅದನ್ನು ಓದಿ ಅರ್ಜಿ ಹಾಕದೆ ಉಳಿದ ಉದಾಹರಣೆ ವ್ಯಾಪಾರಿಗಳ ಅನುಭವದಲ್ಲಿ ಇದ್ದಂತಿಲ್ಲ.

‘ಪುರುಷರು ಮಾತ್ರ’ ಎಂಬುದನ್ನು ತೆಗೆಯಲು ಕಾರಣ ಬೇರೆ. ಒಂದೇ ಬಗೆಯ ಕೆಲಸಕ್ಕೆ ನೇಮಿಸಿಕೊಳ್ಳುವಾಗ ಲಿಂಗದ ಆಧಾರದ ಮೇಲೆ ಭೇದ ಮಾಡುವುದನ್ನು 1976ರ ಸಮಾನ ವೇತನ ಕಾಯ್ದೆ ನಿಷೇಧಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯಲ್ಲಿಯೂ ಆ ನಿಷೇಧ ಮುಂದುವರಿದಿದೆ. ಈ ಮಾತು ಜಾಹೀರಾತಿನಲ್ಲಿ ಸೇರಿದ್ದು ಬಹುಶಃ ವಸೂಲಿಯ ಓಡಾಟದ ಕಾರಣದಿಂದ. ಓಡಾಟವನ್ನು ಹೊಣೆಗಾರಿಕೆಯಲ್ಲಿಯೂ ವಾಹನ ಚಾಲನಾ ಪರವಾನಗಿಯನ್ನು ಅರ್ಹತೆಯಲ್ಲಿಯೂ ನೇರವಾಗಿ ಬರೆದ ಮೇಲೆ ಈ ಸಾಲಿಗೆ ಕೆಲಸವೇ ಉಳಿಯುವುದಿಲ್ಲ.

ಹೊಣೆಗಾರಿಕೆ: ಸಾಲಿನ ಕೊನೆಯ ಪದ

ಮೂಲ ಪಠ್ಯದ ಹೊಣೆಗಳ ಕೊನೆಯ ಪದಗಳನ್ನಷ್ಟೇ ಮೇಲಿನಿಂದ ಕೆಳಗೆ ಓದಿದರೆ ಅವ್ಯವಸ್ಥೆ ತಿಳಿಯುತ್ತದೆ: ನೋಡಿಕೊಳ್ಳಬೇಕು, ನಮೂದು, ನೋಡುವುದು, ಮಾಡತಕ್ಕದ್ದು, ಬಿಲ್, ಕೆಲಸಗಳು. ಒಂದು ಆಜ್ಞೆ, ಒಂದು ಬರಿಯ ನಾಮಪದ, ಒಂದು ಕ್ರಿಯಾನಾಮ, ಒಂದು ನ್ಯಾಯಾಲಯದ ಭಾಷೆ. ಓದುವವರಿಗೆ ಇವು ಸಮಾನ ತೂಕದ ಸಂಗತಿಗಳಾಗಿ ಕಾಣುವುದಿಲ್ಲ. ‘ಮಾಡತಕ್ಕದ್ದು’ ಎಂಬುದು ಕಡ್ಡಾಯದಂತೆಯೂ ‘ಇ-ವೇ ಬಿಲ್’ ಎಂಬುದು ಎಂದಾದರೊಮ್ಮೆ ಬರುವ ಕೆಲಸದಂತೆಯೂ ತೋರುತ್ತದೆ. ವಾಸ್ತವದಲ್ಲಿ ಇ-ವೇ ಬಿಲ್ ಪ್ರತಿದಿನದ ಕೆಲಸ.

ಇಂಗ್ಲಿಷಿನಲ್ಲಿ ಕ್ರಿಯಾಪದವು ಸಾಲಿನ ಆರಂಭದಲ್ಲಿ ನಿಲ್ಲುವುದರಿಂದ ಸಾಲುಗಳ ಸಮರೂಪವನ್ನು ಎಡ ಅಂಚಿನಲ್ಲಿ ನೋಡುತ್ತಾರೆ. ಕನ್ನಡದಲ್ಲಿ ಕ್ರಿಯೆ ಬರುವುದು ಕೊನೆಗೆ. ಆದ್ದರಿಂದ ಸಮರೂಪ ಕಾಣಬೇಕಾದದ್ದು ಸಾಲಿನ ತುದಿಯಲ್ಲಿ. ಹೊಣೆಗಾರಿಕೆಗೆ ‘-ವುದು’ ಎಂದು ಮುಗಿಯುವ ರೂಪ ಹೊಂದುತ್ತದೆ. ‘-ಬೇಕು’ ಎಂಬ ರೂಪವೂ ತಪ್ಪಲ್ಲ. ಆದರೆ ಅರ್ಹತೆಯ ಸಾಲುಗಳೂ ‘ಇರಬೇಕು’, ‘ಬಲ್ಲವರಾಗಿರಬೇಕು’ ಎಂದು ಮುಗಿಯುವ ಸಂಭವವಿರುವುದರಿಂದ, ಎರಡೂ ಭಾಗಗಳು ಒಂದೇ ಬಗೆಯಾಗಿ ಕಂಡು ಮೂಲದ ಗೊಂದಲವೇ ಮರಳುತ್ತದೆ. ಇಂಗ್ಲಿಷ್ ಜಾಹೀರಾತಿನಿಂದ ಭಾಷಾಂತರಿಸಿದ ಸಾಲುಗಳಲ್ಲಿ ‘ನಿರ್ವಹಿಸಿ’, ‘ಸಿದ್ಧಪಡಿಸಿ’ ಎಂಬ ಆಜ್ಞಾರೂಪ ಕಾಣಸಿಗುತ್ತದೆ. ಹುದ್ದೆಗೆ ಇನ್ನೂ ಬಾರದವರಿಗೆ ಆಜ್ಞೆ ಮಾಡಿದಂತಾಗುವುದರಿಂದ ಅದು ಕನ್ನಡದಲ್ಲಿ ಒರಟಾಗಿ ಕೇಳುತ್ತದೆ.

ರೂಪ ಒಂದೇ ಆದರೆ ಸಾಲದು, ಕ್ರಿಯಾಪದ ನಿಖರವಾಗಿಯೂ ಇರಬೇಕು. ‘ಜಿ.ಎಸ್.ಟಿ. ನೋಡಿಕೊಳ್ಳುವುದು’ ಎಂದು ತಿದ್ದಿದರೆ ತುದಿ ಸರಿಹೋಯಿತು, ಅರ್ಥ ಸರಿಹೋಗಲಿಲ್ಲ. ನೋಡಿಕೊಳ್ಳುವುದು ಎಂದರೆ ಮಾರಾಟದ ವಿವರ ಸಿದ್ಧಪಡಿಸುವುದೇ, ವಿವರಪತ್ರ ಸಲ್ಲಿಸುವುದೇ, ಸಲಹೆಗಾರರು ಸಲ್ಲಿಸಿದರೋ ಇಲ್ಲವೋ ಎಂದು ವಿಚಾರಿಸುವುದೇ? ಈ ಮೂರು ಕೆಲಸಗಳಿಗೆ ಬೇಕಾದ ಅನುಭವ ಒಂದೇ ಅಲ್ಲ, ಕೊಡಬೇಕಾದ ವೇತನವೂ ಒಂದೇ ಅಲ್ಲ. ವಿವರಪತ್ರವನ್ನು ತಾವೇ ಸಲ್ಲಿಸಬಲ್ಲವರು ಬೇಕೆಂದು ಭಾವಿಸಿ ಅರ್ಜಿ ಹಾಕಿದ ಅನುಭವಿಗಳಿಗೆ ಇಲ್ಲಿನ ವೇತನ ಕಡಿಮೆಯಾಗಿ ಕಾಣುತ್ತದೆ. ವೌಚರ್ ನಮೂದಿಸುವುದಷ್ಟೇ ಎಂದು ಭಾವಿಸಿ ಬಂದವರು ಮೊದಲ ತಿಂಗಳ 11ನೆಯ ತಾರೀಖಿನಂದು ಕಂಗೆಡುತ್ತಾರೆ. ಉದಾಹರಣೆಯ ಘಟಕದಲ್ಲಿ ಸಲ್ಲಿಸುವವರು ಸಲಹೆಗಾರರು, ಸಹಾಯಕರದು ಸಿದ್ಧಪಡಿಸುವ ಕೆಲಸ. ಆದ್ದರಿಂದ ಕ್ರಿಯಾಪದ ‘ಸಿದ್ಧಪಡಿಸುವುದು’ ಎಂದೇ ಇರಬೇಕು.

ಶಾಸನಬದ್ಧ ದಿನಾಂಕಗಳುಳ್ಳ ಕೆಲಸಕ್ಕೆ ಆ ದಿನಾಂಕಕ್ಕಿಂತ ತುಸು ಮುಂಚಿನ ದಿನವನ್ನು ಸಾಲಿನಲ್ಲಿಯೇ ಸೇರಿಸುವುದು ಪ್ರಯೋಜನಕರ. ಮಾಸಿಕ ವಿವರ ಸಲ್ಲಿಸುವವರಿಗೆ ಜಿ.ಎಸ್.ಟಿ.ಆರ್.-1ರ ಕೊನೆಯ ದಿನ ಮುಂದಿನ ತಿಂಗಳ 11. ಸಲಹೆಗಾರರಿಗೆ ಪರಿಶೀಲನೆಗೆ ಮೂರು ದಿನ ಬೇಕೆಂದಾದರೆ ಸಹಾಯಕರ ಗಡುವು 8. ಪಿ.ಎಫ್. ಮತ್ತು ಇ.ಎಸ್.ಐ. ವಂತಿಗೆಗೆ 15ನೆಯ ತಾರೀಖು ಕೊನೆ, ಆದ್ದರಿಂದ ಚಲನ್ ಸಿದ್ಧವಾಗಬೇಕಾದದ್ದು 12ಕ್ಕೆ. ಟಿ.ಡಿ.ಎಸ್. ಮೊತ್ತವನ್ನು, ಮಾರ್ಚ್ ತಿಂಗಳ ಕಡಿತವನ್ನು ಹೊರತುಪಡಿಸಿ, ಮುಂದಿನ ತಿಂಗಳ 7ರೊಳಗೆ ಪಾವತಿಸಬೇಕಾದ್ದರಿಂದ ಲೆಕ್ಕ 5ಕ್ಕೆ ಸಿದ್ಧವಿರಬೇಕು. ದಿನಾಂಕಗಳನ್ನು ಒಂದರ ಕೆಳಗೊಂದು ಬರೆದು ನೋಡಿದಾಗ, ತಿಂಗಳ 5ರಿಂದ 15ರವರೆಗೆ ಈ ಹುದ್ದೆಯಲ್ಲಿ ವಸೂಲಿಯ ಓಡಾಟಕ್ಕೆ ಬಿಡುವಿಲ್ಲ ಎಂಬುದು ಮಾಲೀಕರಿಗೇ ಮೊದಲ ಬಾರಿಗೆ ಗೋಚರಿಸುವುದುಂಟು. ‘ವಾರಕ್ಕೆ 2 ದಿನ ವಸೂಲಿ’ ಎಂದು ಬರೆಯುವ ಬದಲು ‘ಪ್ರತಿ ತಿಂಗಳ 16ರ ನಂತರ ವಾರಕ್ಕೆ 2 ದಿನ’ ಎಂದು ಬರೆಯಬೇಕಾಗುತ್ತದೆ. ಮೊದಲ ಪಕ್ಷದಲ್ಲಿಯೂ ವಸೂಲಿ ನಿಲ್ಲಬಾರದೆಂದಿದ್ದರೆ ಅದು ಇನ್ನೊಬ್ಬರ ಕೆಲಸ, ಜಾಹೀರಾತಿನ ಭಾಷೆಯಿಂದ ಬಗೆಹರಿಯುವಂಥದ್ದಲ್ಲ.

ಇಷ್ಟಾದ ಮೇಲೆ ಹೊಣೆಗಾರಿಕೆಯ ಭಾಗ ಈ ರೂಪಕ್ಕೆ ಬರುತ್ತದೆ. ಹೆಚ್ಚು ಸಮಯ ಬೇಡುವ ಕೆಲಸಗಳು ಮೇಲಿವೆ:

• ಖರೀದಿ, ಮಾರಾಟ ಮತ್ತು ನಗದು ವೌಚರುಗಳನ್ನು ಅದೇ ದಿನ ಟ್ಯಾಲಿಯಲ್ಲಿ ನಮೂದಿಸುವುದು
• ಹುಬ್ಬಳ್ಳಿ ಮತ್ತು ಧಾರವಾಡದ ಗ್ರಾಹಕರಿಂದ ಬಾಕಿ ಹಣವನ್ನು ಪ್ರತಿ ತಿಂಗಳ 16ರ ನಂತರ ವಾರಕ್ಕೆ 2 ದಿನ ವಸೂಲು ಮಾಡುವುದು
• ರೂ. 50,000 ಮೀರಿದ ರವಾನೆಗಳಿಗೆ ಸರಕು ಹೊರಡುವ ಮುನ್ನ ಇ-ವೇ ಬಿಲ್ ತೆಗೆಯುವುದು
• ಎರಡು ಬ್ಯಾಂಕ್ ಖಾತೆಗಳ ಲೆಕ್ಕವನ್ನು ಪ್ರತಿ ಶನಿವಾರ ತಾಳೆ ನೋಡುವುದು
• ಜಿ.ಎಸ್.ಟಿ. ಮಾರಾಟ ವಿವರವನ್ನು ಪ್ರತಿ ತಿಂಗಳ 8ರೊಳಗೆ ಸಿದ್ಧಪಡಿಸುವುದು
• ಜಿ.ಎಸ್.ಟಿ.ಆರ್.-2ಬಿ ವಿವರವನ್ನು ಪ್ರತಿ ತಿಂಗಳ 16ರೊಳಗೆ ಖರೀದಿ ಪುಸ್ತಕದೊಡನೆ ಹೋಲಿಸುವುದು
• ಟಿ.ಡಿ.ಎಸ್. ಮೊತ್ತವನ್ನು ಪ್ರತಿ ತಿಂಗಳ 5ರೊಳಗೆ ಲೆಕ್ಕ ಹಾಕುವುದು
• ಕೆಲಸಗಾರರ ಪಿ.ಎಫ್. ಮತ್ತು ಇ.ಎಸ್.ಐ. ಚಲನ್‌ಗಳನ್ನು ಪ್ರತಿ ತಿಂಗಳ 12ರೊಳಗೆ ಸಿದ್ಧಪಡಿಸುವುದು

ಆರನೆಯ ಸಾಲು ಮೂಲ ಪಠ್ಯದಲ್ಲಿ ಇರಲಿಲ್ಲ. ಪೂರೈಕೆದಾರರು ಸಲ್ಲಿಸಿದ ವಿವರಗಳಿಂದ 2ಬಿ ತಯಾರಾಗುವುದು ತಿಂಗಳ 14ರಂದು, ಜಿ.ಎಸ್.ಟಿ.ಆರ್.-3ಬಿ ಸಲ್ಲಿಸಬೇಕಾದದ್ದು 20ರೊಳಗೆ. ಈ ಆರು ದಿನಗಳ ನಡುವೆ ಯಾರಾದರೂ ಹೋಲಿಸಿ ನೋಡದಿದ್ದರೆ ಹೂಡುವಳಿ ತೆರಿಗೆ ಜಮೆಯಲ್ಲಿನ ಕೊರತೆ ತಿಳಿಯುವುದಿಲ್ಲ. ‘ಜಿ.ಎಸ್.ಟಿ. ನೋಡಿಕೊಳ್ಳಬೇಕು’ ಎಂಬ ಸಾಲಿನೊಳಗೆ ಅದೂ ಸೇರಿದೆ ಎಂದು ಮಾಲೀಕರು ತಿಳಿದಿದ್ದರು.

ಅರ್ಹತೆ: ಹೊಣೆಗೆ ಹೊಂದದ ಸಾಲಿಗೆ ಸ್ಥಾನವಿಲ್ಲ

ಅರ್ಹತೆಯ ಸಾಲುಗಳು ನಾಮಪದದಲ್ಲಿ ಮುಗಿಯಲಿ: ಪದವಿ, ಅನುಭವ, ತಿಳಿವಳಿಕೆ, ರೂಢಿ, ಪರವಾನಗಿ. ಹೊಣೆಗಾರಿಕೆಯ ‘-ವುದು’ ಇಲ್ಲಿ ಬಾರದಿರುವುದರಿಂದ ಭಾಗ ಬದಲಾದದ್ದು ಕಣ್ಣಿಗೇ ತಿಳಿಯುತ್ತದೆ. ಈ ರೂಪದಲ್ಲಿ ವಿಶೇಷಣವೆಲ್ಲ ನಾಮಪದದ ಹಿಂದೆ ಸೇರುವುದರಿಂದ ಸಾಲು ಉದ್ದವಾಗುವ ಅಪಾಯವಿದೆ. ಹತ್ತು ಪದಗಳನ್ನು ಮೀರಿದರೆ ಓದುಗರಿಗೆ ತುದಿ ತಲುಪುವ ವೇಳೆಗೆ ಮೊದಲು ಮರೆತಿರುತ್ತದೆ.

ವಿಷಯದ ಪರೀಕ್ಷೆ ಸರಳ. ಅರ್ಹತೆಯ ಪ್ರತಿ ಸಾಲಿನಿಂದ ಹೊಣೆಗಾರಿಕೆಯ ಯಾವುದಾದರೊಂದು ಸಾಲಿಗೆ ಪೆನ್ಸಿಲಿನಿಂದ ಗೆರೆ ಎಳೆಯಲು ಸಾಧ್ಯವಾಗಬೇಕು. ‘ಎಸ್.ಎ.ಪಿ. ತಿಳಿದವರಿಗೆ ಆದ್ಯತೆ’ ಎಂಬುದರಿಂದ ಗೆರೆ ಎಲ್ಲಿಗೂ ಹೋಗುವುದಿಲ್ಲ. ಸಂಸ್ಥೆಯ ಲೆಕ್ಕ ಇರುವುದು ಟ್ಯಾಲಿಯಲ್ಲಿ. ಯಾವುದೋ ದೊಡ್ಡ ಕಂಪನಿಯ ಜಾಹೀರಾತಿನಿಂದ ಅದು ಜೊತೆಗೆ ಬಂದುಬಿಟ್ಟಿದೆ. ‘5 ವರ್ಷ ಅನುಭವ’ವೂ ಅಲ್ಲಿಂದಲೇ ಬಂದಿರಬಹುದು. ಮೇಲಿನ ಎಂಟು ಹೊಣೆಗಳಲ್ಲಿ ಯಾವುದಕ್ಕೂ ಐದು ವರ್ಷ ಬೇಕಿಲ್ಲ. ಒಂದು ಪೂರ್ಣ ಆರ್ಥಿಕ ವರ್ಷವನ್ನು ಏಪ್ರಿಲಿನಿಂದ ಮಾರ್ಚಿನವರೆಗೆ, ವರ್ಷಾಂತ್ಯದ ಹೊಂದಾಣಿಕೆ ಸಹಿತ, ಕಂಡವರು ಸಾಕು. ಎರಡು ವರ್ಷವೆಂದರೆ ಅಂತಹ ಒಂದು ವರ್ಷ ಖಚಿತವಾಗಿ ಒಳಗೊಳ್ಳುತ್ತದೆ, ಬೇರೆ ಊರಿಗೆ ಹೋಗಲಿಚ್ಛಿಸದ ಕಿರಿಯರಿಗೂ ಬಾಗಿಲು ತೆರೆದಿರುತ್ತದೆ.

ಗೆರೆಯನ್ನು ಹಿಮ್ಮುಖವಾಗಿಯೂ ಎಳೆದು ನೋಡಬೇಕು. 2ಬಿ ಹೋಲಿಕೆಗೆ ಎಕ್ಸೆಲ್ ಬೇಕು, ಮೂಲ ಪಠ್ಯದಲ್ಲಿ ಎಕ್ಸೆಲಿನ ಪ್ರಸ್ತಾಪವೇ ಇಲ್ಲ. ‘ಒತ್ತಡದಲ್ಲಿ ದುಡಿಯಬಲ್ಲ’ ಎಂಬುದನ್ನು ಸಂದರ್ಶನದಲ್ಲಿ ಅಳೆಯಲು ಬಾರದು. ಗಡುವುಗಳು ಈಗಾಗಲೇ ಹೊಣೆಗಾರಿಕೆಯಲ್ಲಿ ನಮೂದಾಗಿರುವುದರಿಂದ ಅದು ಅನಗತ್ಯವೂ ಹೌದು. ಕಡ್ಡಾಯವಾದವುಗಳನ್ನೂ ಇದ್ದರೆ ಒಳ್ಳೆಯದೆನಿಸುವವುಗಳನ್ನೂ ಬೇರೆ ಇಡಬೇಕು. ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿದರೆ, ಯೋಗ್ಯರಾದರೂ ಸಂಕೋಚದವರು ಒಂದು ಅರ್ಹತೆ ಇಲ್ಲವೆಂದು ಹಿಂಜರಿಯುತ್ತಾರೆ.

ಕಡ್ಡಾಯ:
• ವಾಣಿಜ್ಯ ಪದವಿ
• ಟ್ಯಾಲಿಯಲ್ಲಿ ಲೆಕ್ಕ ಬರೆದ ಕನಿಷ್ಠ 2 ವರ್ಷಗಳ ಅನುಭವ
• ಜಿ.ಎಸ್.ಟಿ. ಮತ್ತು ಟಿ.ಡಿ.ಎಸ್. ದರಗಳನ್ನು ಬಿಲ್ಲಿಗೆ ಅನ್ವಯಿಸುವ ತಿಳಿವಳಿಕೆ
• ಎಕ್ಸೆಲಿನಲ್ಲಿ ಎರಡು ಪಟ್ಟಿಗಳನ್ನು ಹೋಲಿಸುವ ರೂಢಿ
• ದ್ವಿಚಕ್ರ ವಾಹನ ಮತ್ತು ಚಾಲನಾ ಪರವಾನಗಿ

ಇದ್ದರೆ ಆದ್ಯತೆ:
• ಪಿ.ಎಫ್. ಮತ್ತು ಇ.ಎಸ್.ಐ. ಜಾಲತಾಣಗಳಲ್ಲಿ ಚಲನ್ ತೆಗೆದ ಅನುಭವ

ಸೌಲಭ್ಯ: ಹೆಸರು ಮತ್ತು ಅಳತೆ

ಮಾತು ಹೋಗಿ ಹಣವಾಗುವ ಭಾಗ ಇದಾದುದರಿಂದ ಇಲ್ಲಿ ಹೆಚ್ಚು ಎಚ್ಚರ ಬೇಕು. ಪ್ರತಿ ಸಾಲನ್ನೂ ‘ಸೌಲಭ್ಯದ ಹೆಸರು, ಅದರ ಅಳತೆ’ ಎಂಬ ಒಂದೇ ಅಚ್ಚಿನಲ್ಲಿ ಬರೆಯುವುದು ಉಚಿತ. ‘ಬೋನಸ್ಸು ಕೊಡಲಾಗುವುದು’ ಎಂಬಲ್ಲಿ ಅಳತೆಯಿಲ್ಲ. ಅಳತೆ ಬರೆಯಲಾಗದ ಸೌಲಭ್ಯವನ್ನು ಮಾಲೀಕರು ಇನ್ನೂ ನಿರ್ಧರಿಸಿಲ್ಲವೆಂದೇ ಅರ್ಥ.

ಉದಾಹರಣೆಯ ಘಟಕವು ಈ ಹುದ್ದೆಗೆ ತಿಂಗಳಿಗೆ ರೂ. 23,000ದಿಂದ 26,000 ಕೊಡಲು ಸಿದ್ಧವಿದೆ, ಅಷ್ಟೂ ಮೂಲ ವೇತನ ಮತ್ತು ತುಟ್ಟಿಭತ್ಯೆ. ಮೂಲ ಪಠ್ಯ ಇ.ಎಸ್.ಐ. ಇದೆಯೆಂದು ಹೇಳುತ್ತದೆ. ಆದರೆ 2017ರ ಜನವರಿಯಿಂದ ಇ.ಎಸ್.ಐ. ವ್ಯಾಪ್ತಿಗೆ ನಿಗದಿಯಾದ ವೇತನ ಮಿತಿ ರೂ. 21,000. ಆ ಮಿತಿಯಂತೆ, ಯಂತ್ರದ ಮುಂದೆ ದುಡಿಯುವ ಕೆಲಸಗಾರರಿಗೆ ಇ.ಎಸ್.ಐ. ಇದ್ದರೂ ಈ ಹುದ್ದೆಗೆ ಅದು ಅನ್ವಯಿಸುವುದಿಲ್ಲ. ಸಹಾಯಕರು ಕೆಲಸಕ್ಕೆ ಸೇರಿ, ಮನೆಯಲ್ಲಿ ಯಾರಿಗೋ ಅನಾರೋಗ್ಯವಾದಾಗ ಇ.ಎಸ್.ಐ. ಚೀಟಿ ಕೇಳಿದಾಗಲೇ ಇದು ಬೆಳಕಿಗೆ ಬರುವುದು ಇಬ್ಬರಿಗೂ ಕಷ್ಟ. ವೇತನದ ಒಂದು ಭಾಗ ಮನೆಬಾಡಿಗೆ ಮುಂತಾದ ಭತ್ಯೆಯಾಗಿದ್ದರೆ ಲೆಕ್ಕ ಬದಲಾಗಬಹುದು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಂಹಿತೆಗಳಲ್ಲಿ ‘ವೇತನ’ದ ವ್ಯಾಖ್ಯೆ ಹಿಂದಿನಂತಿಲ್ಲ, ಹೊರಗಿಡುವ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವೂ ವೇತನವೇ ಆಗುತ್ತದೆ. ಆದ್ದರಿಂದ ಈ ಸಾಲನ್ನು ಬರೆಯುವ ಮೊದಲು ಹುದ್ದೆಯ ವೇತನದ ಅಂಗಗಳನ್ನು ಹಾಳೆಯ ಮೇಲೆ ಬರೆದು, ಪ್ರಕಟಣೆಯ ದಿನ ಜಾರಿಯಲ್ಲಿರುವ ಮಿತಿಯೊಡನೆ ಹೋಲಿಸಬೇಕು. ಉದಾಹರಣೆಯ ಮಾಲೀಕರು ಇ.ಎಸ್.ಐ. ಸಾಲನ್ನು ತೆಗೆದು, ಅದರ ಸ್ಥಾನದಲ್ಲಿ ತಾವು ಕೊಡಿಸುವ ವೈದ್ಯಕೀಯ ವಿಮೆಯನ್ನು ಮೊತ್ತ ಸಹಿತ ಬರೆದರು.

ಪಿ.ಎಫ್. ಸಾಲಿನಲ್ಲಿ ತಕರಾರು ಹುಟ್ಟುವುದು ಮಾಲೀಕರ ಪಾಲು ಹೇಳಿದ ವೇತನದ ಒಳಗಿದೆಯೋ ಹೊರಗಿದೆಯೋ ಎಂಬಲ್ಲಿ. ಜಾಹೀರಾತಿನಲ್ಲಿ ರೂ. 25,000 ಎಂದಿದ್ದು, ಮಾಲೀಕರ ಪಾಲು ರೂ. 1,800 ಅದರೊಳಗೇ ಸೇರಿದ್ದರೆ ನೌಕರರ ನಿಜ ವೇತನ ರೂ. 23,200. ಅದರಿಂದ ಅವರದೇ ಪಾಲು ರೂ. 1,800 ಕಳೆದು ಕೈಗೆ ಬರುವುದು ರೂ. 21,400, ವೃತ್ತಿ ತೆರಿಗೆ ಇದ್ದರೆ ಅದೂ ಇದರಿಂದಲೇ. ಪಾಲು ವೇತನದ ಹೊರಗಿದ್ದರೆ ಕೈಗೆ ಬರುವುದು ರೂ. 23,200. ತಿಂಗಳಿಗೆ ರೂ. 1,800ರ ಅಂತರ ‘ಹೊರತಾಗಿ’ ಎಂಬ ಒಂದು ಪದವನ್ನು ಅವಲಂಬಿಸಿದೆ.

ಬೋನಸ್ಸಿಗೂ ಇದೇ ನ್ಯಾಯ. ಬೋನಸ್ಸು ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಂತೆ ಅರ್ಹತೆಯ ವೇತನ ಮಿತಿಯು ರೂ. 21,000 ಆಗಿತ್ತು. ಮಿತಿ ಮೀರಿದ ಹುದ್ದೆಗೆ ಕೊಡುವ ಬೋನಸ್ಸು ಶಾಸನದ ಋಣವಲ್ಲ, ಮಾಲೀಕರ ಸ್ವಂತ ಮಾತು. ಅದನ್ನು ‘ನಿಯಮಾನುಸಾರ’ ಎಂದು ಬರೆದರೆ ನಿಯಮದ ಪ್ರಕಾರ ಏನೂ ಬಾರದೆ ಹೋಗಬಹುದು, ಪ್ರತಿ ದೀಪಾವಳಿಗೂ ಒಂದು ತಿಂಗಳ ವೇತನ ಕೊಡುವ ವಾಡಿಕೆಯಿರುವ ಮಾಲೀಕರ ಔದಾರ್ಯವೂ ಜಾಹೀರಾತಿನಲ್ಲಿ ಕಾಣದೆ ಹೋಗುತ್ತದೆ.

• ವೇತನ: ಅನುಭವಕ್ಕೆ ಅನುಗುಣವಾಗಿ ತಿಂಗಳಿಗೆ ರೂ. 23,000ದಿಂದ 26,000
• ಭವಿಷ್ಯ ನಿಧಿ: ಮಾಲೀಕರ ಪಾಲು ವೇತನಕ್ಕೆ ಹೊರತಾಗಿ
• ವೈದ್ಯಕೀಯ ವಿಮೆ: ನೌಕರರಿಗೆ ಮತ್ತು ಪತಿ ಅಥವಾ ಪತ್ನಿಗೆ ವರ್ಷಕ್ಕೆ ರೂ. 2 ಲಕ್ಷದವರೆಗೆ
• ಬೋನಸ್ಸು: ಒಂದು ವರ್ಷ ಪೂರೈಸಿದವರಿಗೆ ದೀಪಾವಳಿಗೆ ಒಂದು ತಿಂಗಳ ವೇತನ
• ಪೆಟ್ರೋಲ್ ಖರ್ಚು: ವಸೂಲಿಯ ಓಡಾಟಕ್ಕೆ ಕಿಲೋಮೀಟರಿಗೆ ರೂ. 4
• ಊಟ: ಕೆಲಸದ ದಿನಗಳಲ್ಲಿ ಕಾರ್ಖಾನೆಯಲ್ಲಿ ಮಧ್ಯಾಹ್ನದ ಊಟ

ಸಮರೂಪದ ಮಿತಿ

ಮೂರು ಪಟ್ಟಿಗಳೂ ಸಿದ್ಧವಾದ ಮೇಲೆ ಪ್ರತಿ ಸಾಲನ್ನೂ ಅದರ ಭಾಗದ ಪ್ರಶ್ನೆಯ ಮುಂದಿಟ್ಟು ಗಟ್ಟಿಯಾಗಿ ಓದಿಸಬೇಕು, ಸಾಧ್ಯವಾದರೆ ಲೆಕ್ಕಪತ್ರ ವಿಭಾಗದವರಲ್ಲದ ಒಬ್ಬರಿಂದ. ಉತ್ತರ ಹೊಂದದ ಸಾಲು ನಾಲಿಗೆಗೆ ತಡೆಯುತ್ತದೆ. ಆದರೆ ರೂಪ ಹೊಂದಿದ ಮಾತ್ರಕ್ಕೆ ಸಾಲು ಸತ್ಯವಾಗುವುದಿಲ್ಲ ಎಂಬುದನ್ನೂ ಗಮನದಲ್ಲಿಡಬೇಕು. ಪಟ್ಟಿ ತುಂಬಿ ಕಾಣಲೆಂದು ಇಲ್ಲದ ಹೊಣೆಯನ್ನು ಸೇರಿಸುವುದು, ತುದಿ ಹೊಂದಲೆಂದು ‘ಸಿದ್ಧಪಡಿಸುವುದು’ ಇದ್ದಲ್ಲಿ ‘ನಿರ್ವಹಿಸುವುದು’ ಎಂದು ಹಾಕುವುದು ಕಾಣಬರುತ್ತದೆ. ಒಂದು ಸಾಲು ಅಚ್ಚಿಗೆ ಒಗ್ಗದಿದ್ದರೆ ಅದು ಬಹುಮಟ್ಟಿಗೆ ಎರಡು ಸಂಗತಿಗಳನ್ನು ಹೊತ್ತಿರುತ್ತದೆ, ಇಲ್ಲವೇ ಬೇರೆ ಭಾಗಕ್ಕೆ ಸೇರಿರುತ್ತದೆ.

ಉಳಿದದ್ದು ‘ಮಾಲೀಕರು ಹೇಳುವ ಇತರೆ ಕೆಲಸಗಳು’. ಸಣ್ಣ ಘಟಕದಲ್ಲಿ ಈ ಸಾಲನ್ನು ಪೂರ್ತಿ ಕೈಬಿಡುವುದು ವ್ಯಾವಹಾರಿಕವಲ್ಲ. ಅದಕ್ಕೆ ಮೇರೆ ಹಾಕಿ ‘ಮೇಲಿನ ಕೆಲಸಗಳಿಗೆ ಸಂಬಂಧಿಸಿದ ಇತರ ಲೆಕ್ಕಪತ್ರ ಕೆಲಸಗಳನ್ನು ಮಾಡುವುದು’ ಎಂದು ಹೊಣೆಗಾರಿಕೆಯ ಕೊನೆಯಲ್ಲಿ ಇಡಬಹುದು. ಹೊಸ ಸಂಹಿತೆಯಡಿ ನೇಮಕಾತಿ ಪತ್ರ ಕೊಡುವುದು ಕಡ್ಡಾಯವಾಗಿರುವುದರಿಂದ, ಹತ್ತಕ್ಕಿಂತ ಹೆಚ್ಚು ಮಂದಿ ದುಡಿಯುವ ಇಂತಹ ಘಟಕದಲ್ಲಿ ಹೊಣೆ ಮತ್ತು ಸೌಲಭ್ಯದ ಎರಡು ಪಟ್ಟಿಗಳೂ ಪದ ಬದಲಾಗದೆ ಆ ಪತ್ರದೊಳಕ್ಕೆ ಹೋಗಬೇಕು. ವೇತನದ ಸಾಲಿನಲ್ಲಿ ಮಾತ್ರ, ಸಂದರ್ಶನದಲ್ಲಿ ಒಪ್ಪಿದ ಮೊತ್ತವನ್ನು ‘ದಿಂದ, ವರೆಗೆ’ ಎಂಬುದರ ಸ್ಥಾನದಲ್ಲಿ ತುಂಬಬೇಕು.